ಮನೆ ಓನರಮ್ಮನ ‘ಪ್ಲು’ ನನ್ನನ್ನು ಎರಡು ದಿನ ತಣ್ಣೀರಲ್ಲಿ ನಿಲ್ಲಿಸಿತು: ಫ್ರೆಂಚಿನ ‘ನ’ ಎಲ್ಲಿಗೆ ಹೋಯ್ತು?

ಸೂಜಿಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಓದೋಕೆ ಅಂತ ತುಲೂಸ್‌ಗೆ ಬಂದು ಎಂಟು ತಿಂಗಳಾಯ್ತು. ಬರೋಕೆ ಮುಂಚೆ ಊರಲ್ಲೇ ಒಂದೂವರೆ ವರ್ಷ ಫ್ರೆಂಚ್ ಕಲಿತಿದ್ದೆ. ‘ಇಲ್ಲ’ ಅನ್ನೋಕೆ ಕ್ರಿಯಾಪದದ ಹಿಂದೊಂದು ‘ನ’, ಮುಂದೊಂದು ‘ಪಾ’, ಬ್ರೆಡ್ಡಿನ ಎರಡು ಹೋಳಿನ ನಡುವೆ ಪಲ್ಯ ಇಟ್ಟ ಹಾಗೆ ಅಂತ ಹೇಳಿಕೊಟ್ಟಿದ್ರು. ‘ಜ ನ ಸೆ ಪಾ’, ನನಗೆ ಗೊತ್ತಿಲ್ಲ. ಪರೀಕ್ಷೆಯಲ್ಲಿ ಒಂದು ‘ನ’ ಬಿಟ್ರೂ ಮಾರ್ಕ್ಸ್ ಹೋಗೋದು.

ಇಲ್ಲಿ ಬಂದು ನೋಡಿದ್ರೆ ಯಾರ ಬಾಯಲ್ಲೂ ‘ನ’ ಇಲ್ಲ. ಎಲ್ರೂ ‘ಶೆ ಪಾ’ ಅಂತಾರೆ. ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆ. ಹೋದ ವಾರ ಮಾತ್ರ ಸರಿಯಾಗಿ ಎಡವಿದೆ. ಗೀಸರ್ ಕೆಟ್ಟಿತ್ತು, ಮನೆ ಓನರಮ್ಮ ಪ್ಲಂಬರ್ ಕಳಿಸ್ತೀನಿ ಅಂದಿದ್ರು. ಸಂಜೆ ಅವರದ್ದೊಂದು ವಾಯ್ಸ್ ಮೆಸೇಜ್ ಬಂತು: ‘ಸೆ ಬೋಂ, ಲ ಪ್ಲೋಂಬ್ಯೇ ಎ ಪಾಸೆ, ಯಾ ಪ್ಲು ದ ಪ್ರೊಬ್ಲೆಮ್.’ ಪ್ಲಂಬರ್ ಬಂದಿದ್ದ ಅನ್ನೋದು ಅರ್ಥ ಆಯ್ತು. ‘ಪ್ಲು’ ಅಂದ್ರೆ ಹೆಚ್ಚು ಅಂತ ನನ್ನ ತಲೇಲಿ ಕೂತುಬಿಟ್ಟಿದೆ. ‘ನ’ ಅಂತೂ ಕೇಳಿಸಲೇ ಇಲ್ಲ. ಹಂಗಾಗಿ ಅಯ್ಯೋ, ಪ್ಲಂಬರ್ ಬಂದ ಮೇಲೆ ತೊಂದರೆ ಇನ್ನೂ ಜಾಸ್ತಿ ಆಗಿದೆ ಅಂದ್ಕೊಂಡು ಗೀಸರ್ ಸ್ವಿಚ್ಚು ಮುಟ್ಟೋಕೂ ಹೆದರಿ ಎರಡು ದಿನ ತಣ್ಣೀರಲ್ಲಿ ಸ್ನಾನ ಮಾಡಿದೆ. ಮೂರನೇ ದಿನ ಓನರಮ್ಮನೇ ಸಿಕ್ಕಿ ‘ಬಿಸಿನೀರು ಚೆನ್ನಾಗಿ ಬರ್ತಿದ್ಯಾ?’ ಅಂತ ಕೇಳಿದ್ರು.

ನನ್ನ ಪ್ರಶ್ನೆ ಇಷ್ಟೇ. ‘ನ’ ಬಿಟ್ಟು ಮಾತಾಡಿದಾಗ ಅದು ‘ಇಲ್ಲ’ನೋ ‘ಇದೆ’ನೋ ಅಂತ ಇಲ್ಲಿನವರು ಹೇಗೆ ಗೊತ್ತು ಮಾಡ್ಕೋತಾರೆ? ಎರಡೆರಡು ‘ಇಲ್ಲ’ ಒಟ್ಟಿಗೆ ಬಂದಾಗ ಏನು ಕಥೆ? ಇಂಗ್ಲಿಷಲ್ಲೋ ಕನ್ನಡದಲ್ಲೋ ಇದಕ್ಕೆ ಸಮನಾದ್ದು ಇದ್ರೆ ಅದನ್ನ ಹಿಡ್ಕೊಂಡು ನೆನಪಿಟ್ಕೋಬಹುದು ಅಂತ ಆಸೆ.

ಲೆಕ್ಕದಮೇಷ್ಟ್ರು

ಬಾಡಿಗೆ ಮನೆಯ ಗೀಸರ್ ರಿಪೇರಿ ಖರ್ಚು ಸಾಮಾನ್ಯವಾಗಿ ಓನರದ್ದೇ, ಸುಮ್ಮನೆ ನೀವು ಕೊಡಬೇಡಿ. ಕರಾರುಪತ್ರ ಒಮ್ಮೆ ತೆಗೆದು ನೋಡಿ.

ಸೂಜಿಮಲ್ಲಿಗೆ

ಮೇಷ್ಟ್ರೇ, ದುಡ್ಡು ಅವರೇ ಕೊಟ್ಟಿದ್ದಾರೆ. ನಾನು ಕೇಳಿದ್ದು ವ್ಯಾಕರಣ 🙂

ನಿಯಮಪಾಲಕ

‘ನ’ ಬಿಡೋದು ಸೋಮಾರಿತನ, ಅಷ್ಟೇ. ಓದು ಬರಹ ಬಲ್ಲವರು ಬಿಡಲ್ಲ. ನಿಷೇಧ ಇರೋದೇ ‘ನ’ದಲ್ಲಿ. ‘ಪಾ’ ಬರೀ ಒತ್ತು ಕೊಡೋಕೆ ಬಂದದ್ದು, ಅದರ ಮೂಲ ಅರ್ಥ ‘ಹೆಜ್ಜೆ’. ಇನ್ನು ಎರಡು ನಿಷೇಧ ಸೇರಿದ್ರೆ ಹೌದು ಅಂತ ಅರ್ಥ, ಲೆಕ್ಕದಲ್ಲಿ ಮೈನಸ್ ಗುಣಿಸು ಮೈನಸ್ ಪ್ಲಸ್ ಆಗೋ ಹಾಗೆ. ಇದು ಎಲ್ಲ ಭಾಷೆಗೂ ಒಂದೇ. ತಂಗಿ, ನೀವು ಪುಸ್ತಕದ ಫ್ರೆಂಚನ್ನೇ ಹಿಡ್ಕೊಳ್ಳಿ, ಬೀದಿ ಫ್ರೆಂಚ್ ಬೇಡ.

ಕಾವೇರಿಕೊಳ್ಳ

ನಿಯಮಪಾಲಕರು ಹೇಳಿದ್ದರಲ್ಲಿ ‘ಹೆಜ್ಜೆ’ ಸರಿ. ಉಳಿದದ್ದಕ್ಕೆ ತಕರಾರಿದೆ. ಹತ್ತೊಂಬತ್ತು ವರ್ಷ ಮೈಸೂರಲ್ಲಿ ಫ್ರೆಂಚ್ ಪಾಠ ಮಾಡಿದವಳು ನಾನು. ಮೊದಲ ಆರು ವರ್ಷ ಇವರ ಹಾಗೇ ಹೇಳಿಕೊಡ್ತಿದ್ದೆ, ಆ ಪಾಪ ನನ್ನ ತಲೆ ಮೇಲೂ ಇದೆ.

ಮೊದಲು ಮೆಸೇಜು. ಓನರಮ್ಮ ಹೇಳಿದ್ದು ಪೂರ್ತಿ ಬಿಡಿಸಿದ್ರೆ ‘ಇಲ್ ನ್ಯಾ ಪ್ಲು ದ ಪ್ರೊಬ್ಲೆಮ್’, ‘ಇನ್ನು ತೊಂದರೆ ಇಲ್ಲ’ ಅಂತ. ಮಾತಲ್ಲಿ ಮೊದಲ ‘ಇಲ್’ ಉದುರಿತು, ‘ನ’ ಉದುರಿತು, ‘ಯಾ ಪ್ಲು’ ಮಾತ್ರ ಉಳಿಯಿತು. ನಿಮ್ಮ ಕಿವಿ ‘ನ’ವನ್ನು ಹುಡುಕ್ತಾ ಕೂತಿದೆ. ಅವರ ಕಿವಿ ಹುಡುಕೋದು ಕೊನೆಯ ‘ಸ್’ ಅನ್ನು. ಹೆಚ್ಚು ತೊಂದರೆ ಇದೆ ಅನ್ನೋದಾಗಿದ್ರೆ ಸಾಮಾನ್ಯವಾಗಿ ‘ಯಾ ಪ್ಲುಸ್ ದ ಪ್ರೊಬ್ಲೆಮ್’ ಅಂತ ಸ್ ಬಿಚ್ಚಿ ಹೇಳ್ತಿದ್ರು. ಬರೆಯೋದು ಎರಡನ್ನೂ ಒಂದೇ ಥರ, ಪಿ-ಎಲ್-ಯು-ಎಸ್. ಆದ್ರೆ ‘ಇನ್ನಿಲ್ಲ’ ಅನ್ನೋ ಪ್ಲುಗೆ ಸ್ ಯಾವತ್ತೂ ಕೇಳಿಸಲ್ಲ. ಊಟಕ್ಕೆ ಕೂತಾಗ ಇದೇ ಪರೀಕ್ಷೆ: ‘ಜಾಂ ವೊ ಪ್ಲುಸ್’ ಅಂದ್ರೆ ಇನ್ನೂ ಬಡಿಸಿ, ‘ಜಾಂ ವೊ ಪ್ಲು’ ಅಂದ್ರೆ ಸಾಕು, ಇನ್ನು ಬೇಡ. ಒಂದು ಸ್ ತಪ್ಪಿದ್ರೆ ತಟ್ಟೆ ತುಂಬುತ್ತೆ ಇಲ್ಲಾ ಖಾಲಿ ಆಗುತ್ತೆ.

ಇದಕ್ಕೂ ಒಂದು ಮಿತಿ ಇದೆ. ಗುಣವಾಚಕದ ಹಿಂದೆ ಬರೋ ‘ಹೆಚ್ಚು’ ಅನ್ನೋ ಪ್ಲು ಕೂಡ ಸ್ ಕಳ್ಕೊಳ್ಳುತ್ತೆ. ‘ಪ್ಲು ಗ್ರಾಂ’ ಅಂದ್ರೆ ಇನ್ನೂ ಎತ್ತರ. ಅಲ್ಲಿ ಸಂದರ್ಭವೇ ಗತಿ. ಅನುಮಾನ ಬರೋ ಜಾಗದಲ್ಲಿ ಫ್ರೆಂಚರು ಆ ಪದವನ್ನೇ ಬಿಟ್ಟು ‘ಆಂಕೊರ್’ ಅಂತಲೋ ‘ದಾವಾಂತಾಜ್’ ಅಂತಲೋ ಹೇಳಿಬಿಡ್ತಾರೆ. ಇನ್ನೊಂದು ಸುಳಿವು ನಿಮ್ಮ ಮೆಸೇಜಲ್ಲೇ ಇತ್ತು. ‘ಸೆ ಬೋಂ’ ಅಂತ ಶುರು ಮಾಡಿದ್ರಲ್ಲ, ‘ಸರಿ ಆಯ್ತು’ ಅಂದಮೇಲೆ ತೊಂದರೆ ಜಾಸ್ತಿ ಆಗಿದೆ ಅಂತ ಯಾರು ಹೇಳ್ತಾರೆ ಹೇಳಿ!

ಸೂಜಿಮಲ್ಲಿಗೆ

ಅಯ್ಯೋ ಮೇಡಂ, ‘ಸೆ ಬೋಂ’ ಕೇಳಿಸಿಕೊಂಡೇ ಇರಲಿಲ್ಲ. ಮೆಸೇಜ್ ಇನ್ನೂ ಫೋನಲ್ಲಿದೆ, ಈಗ ಮತ್ತೆ ಹಾಕಿ ಕೇಳಿದೆ. ಸ್ ಇಲ್ಲ! ಪ್ಲು ಆದಮೇಲೆ ನೇರ ‘ದ’.

ನಿಯಮಪಾಲಕ

ಮೇಡಂ, ಗೌರವದಿಂದಲೇ ಕೇಳ್ತೀನಿ. ನಿಷೇಧ ‘ನ’ದಲ್ಲಿ ಇಲ್ಲ ಅಂದ್ರೆ ಮತ್ತೆ ಅದು ಯಾಕಿದೆ?

ಕಾವೇರಿಕೊಳ್ಳ

ಒಂದು ಕಾಲಕ್ಕೆ ಪೂರ್ತಿ ಅದರಲ್ಲೇ ಇತ್ತು. ಲ್ಯಾಟಿನ್ನಿನ ‘ನೋನ್’ ಸವೆದು ಸವೆದು ‘ನ’ ಆಯಿತು. ಅಷ್ಟು ಸಣ್ಣ ಪದ ಬಾಯಲ್ಲಿ ಕೇಳಿಸದೆ ಹೋದಾಗ ಜನ ಒತ್ತಿಗೆ ಅಂತ ಒಂದೊಂದು ಪದ ಸೇರಿಸಿದರು. ನಡೆಯಲ್ಲ ಅನ್ನೋಕೆ ‘ಒಂದು ಹೆಜ್ಜೆ’, ಅದೇ ಪಾ. ತಿನ್ನಲ್ಲ ಅನ್ನೋಕೆ ‘ಒಂದು ಚೂರು ರೊಟ್ಟಿ’, ಅದು ‘ಮಿ’. ಕುಡಿಯಲ್ಲ ಅನ್ನೋಕೆ ‘ಒಂದು ಹನಿ’, ‘ಗುತ್’. ನಾವು ಈಗಲೂ ಹೀಗೇ ಮಾತಾಡ್ತೀವಿ: ‘ಒಂದಗುಳೂ ಮುಟ್ಟಲಿಲ್ಲ’, ‘ಒಂದು ತೊಟ್ಟೂ ಕುಡಿಯಲಿಲ್ಲ’, ‘ಒಂದು ಹೆಜ್ಜೆಯೂ ಇಡಲ್ಲ’. ನಮ್ಮಲ್ಲಿ ಅಗುಳು ಅನ್ನಕ್ಕೇ, ತೊಟ್ಟು ನೀರಿಗೇ ಅಂಟಿಕೊಂಡು ನಿಂತಿವೆ. ಫ್ರೆಂಚಲ್ಲಿ ಹೆಜ್ಜೆ ಮಾತ್ರ ನಡಿಗೆಯನ್ನು ಬಿಟ್ಟು ಎಲ್ಲ ಕ್ರಿಯಾಪದಕ್ಕೂ ಬಂದು ಕೂತಿತು. ಈಗ ‘ಜ ಸೆ ಪಾ’ ಅನ್ನೋರ ತಲೇಲಿ ಹೆಜ್ಜೆ ಇಲ್ಲ. ‘ಒಂದಗುಳೂ ಬರಲಿಲ್ಲ ಬಸ್ಸು’ ಅಂತ ನಾವು ಹೇಳೋ ಕಾಲ ಬಂದಿದ್ರೆ ಹೇಗಿರ್ತಿತ್ತು, ಹಾಗೆ ಅಂದ್ಕೊಳ್ಳಿ.

ಭಾರ ‘ಪಾ’ ಮೇಲೆ ಬಿದ್ದ ಮೇಲೆ ‘ನ’ ಊರುಗೋಲಾಗಿ ಉಳಿಯಿತು, ಊರುಗೋಲು ಬಿಟ್ಟೂ ನಡೆಯಬಹುದು ಅಂತ ಜನಕ್ಕೆ ಗೊತ್ತಾಯಿತು. ಇದು ಸೋಮಾರಿಗಳ ಕೆಲಸ ಅಲ್ಲ. ವಿಲಿಯಂ ಆಶ್‌ಬಿ ಅನ್ನೋ ಭಾಷಾವಿಜ್ಞಾನಿ ತೂರ್ ಅನ್ನೋ ಊರಿನವರ ಮಾತನ್ನು 1976ರಲ್ಲಿ ಧ್ವನಿಮುದ್ರಿಸಿದರು, ಮತ್ತೆ 1995ರಲ್ಲಿ ಅದೇ ಊರಿಗೆ ಹೋದರು. ಮೊದಲ ಸಲ ‘ನ’ ಬರಬಹುದಾದ ನೂರು ಜಾಗದಲ್ಲಿ ಸುಮಾರು 37ರಲ್ಲಿ ಅದು ಇತ್ತು. ಎರಡನೇ ಸಲ 18. ತೂರ್ ಕಡೆಯ ಫ್ರೆಂಚ್ ‘ಶುದ್ಧ’ ಅಂತ ಹೆಸರಾದದ್ದು, ಅಲ್ಲೇ ಹೀಗೆ.

‘ನ’ದಲ್ಲಿ ನಿಷೇಧ ಉಳಿದಿಲ್ಲ ಅನ್ನೋಕೆ ಇನ್ನೊಂದು ಸಾಕ್ಷಿ. ‘ಜ ಕ್ರ್ಯಾಂ ಕಿಲ್ ನ ವ್ಯೆನ್’ ಅಂತ ಬರೆಯುವ ಫ್ರೆಂಚಲ್ಲಿದೆ. ‘ನ’ ಇದೆ, ಪಾ ಇಲ್ಲ. ಅರ್ಥ ಏನು ಹೇಳಿ?

ನಿಯಮಪಾಲಕ

ಅವನು ಬರಲ್ಲವೇನೋ ಅಂತ ಭಯ.

ಕಾವೇರಿಕೊಳ್ಳ

ಅಲ್ಲ ಸರ್, ಅವನು *ಬರ್ತಾನೇನೋ* ಅಂತ ಭಯ. ಅಲ್ಲಿ ‘ನ’ ಬರೀ ಅಲಂಕಾರ. ಬರಲ್ಲವೇನೋ ಅನ್ನಬೇಕಾದ್ರೆ ಪಾ ಹಾಕಲೇಬೇಕು.

ನಿಯಮಪಾಲಕ

ಹ್ಮ್. ಇದನ್ನ ತಪ್ಪಾಗಿ ಓದಿಕೊಂಡೇ ಇಷ್ಟು ವರ್ಷ ಕಳೆದೆನಾ? ಇರಲಿ. ಬರವಣಿಗೆಯಲ್ಲಿ ‘ನ’ ಬಿಡಬಾರದು ಅನ್ನೋ ಮಾತನ್ನ ಮಾತ್ರ ನಾನು ಬಿಡಲ್ಲ.

ಕಾವೇರಿಕೊಳ್ಳ

ಅದನ್ನು ಬಿಡಿ ಅಂತ ಯಾರೂ ಹೇಳಿಲ್ಲ. ಅರ್ಜಿ, ಪರೀಕ್ಷೆ, ಪತ್ರಿಕೆ, ಎಲ್ಲದರಲ್ಲೂ ‘ನ’ ಬೇಕೇ ಬೇಕು. ನಾವು ‘ಮಾಡಲ್ಲ’ ಅಂತ ಮಾತಾಡಿ ‘ಮಾಡುವುದಿಲ್ಲ’ ಅಂತ ಬರೆಯಲ್ವಾ, ಹಾಗೆ.

ಬೆಳಗಾವಿಮಂದಿ

ನಮ್ಮದೊಂದು ಕಥಿ ಕೇಳ್ರಿ. ಫ್ರೆಂಚ್ ಗೊತ್ತಿಲ್ರಿ ನನಗ, ಆದ್ರ ಈ ಗೋಳು ಕನ್ನಡದಾಗ ನಾ ಅನುಭವಿಸೇನಿ. ನೌಕರಿಗಂತ ಮೈಸೂರಿಗೆ ಬಂದ ಹೊಸದಾಗಿ ಆಫೀಸಿನಾಗ ಒಬ್ರು ‘ಭಾನುವಾರ ಪಿಕ್ನಿಕ್ಕಿಗೆ ಬರ್ತೀರಾ?’ ಅಂದ್ರು. ‘ಇಲ್ರಿ, ನಾ ಬರಂಗಿಲ್ಲ’ ಅಂದೆ. ಅವ್ರ ಮುಖ ಒಂಥರಾ ಆತು. ‘ಯಾಕೆ, ಮನೇಲಿ ಬಿಡಲ್ವಾ?’ ಅಂತ ಕೇಳಿದ್ರು. ನಮ್ಮ ಕಡೆ ‘ಬರಂಗಿಲ್ಲ’ ಅಂದ್ರ ಬರೋದಿಲ್ಲ, ಅಷ್ಟ. ಅವ್ರಿಗೆ ‘ಬರೋ ಹಾಗಿಲ್ಲ’, ಅಂದ್ರ ಯಾರೋ ಬ್ಯಾಡ ಅಂದಾರ ಅಂತ ಕೇಳಿಸ್ತದ. ಒಂದು ವಾರ ನಾ ಹೆಂಡ್ತಿಗೆ ಹೆದರೋ ಗಂಡ ಅಂತ ಹೆಸರಾಗಿದ್ದೆ. ಲಗ್ನನ ಆಗಿರ್ಲಿಲ್ರಿ ಆಗ.

ಸೂಜಿಮಲ್ಲಿಗೆ

😂 ನನ್ನ ಗೀಸರ್ ಕಥೆಗಿಂತ ಇದು ಮೇಲು.

ಮಾಂಟ್ರಿಯಲ್ಲಕ್ಕ

ನಾನು ಮಾಂಟ್ರಿಯಲ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೀನಿ. ಇಲ್ಲಿ ಮಾತಲ್ಲಿ ‘ನ’ ನೂರಕ್ಕೆ ಒಂದು ಸಲವೂ ಸಿಗಲ್ಲ ಕಣಮ್ಮ. ಯಾರಾದ್ರೂ ‘ನ’ ಹಾಕಿ ಮಾತಾಡಿದ್ರೆ ಟಿವಿ ವಾರ್ತೆ ಓದ್ತಿದ್ದಾರೋ ಇಲ್ಲ ನಮಗೆ ಬೈತಿದ್ದಾರೋ ಅನ್ಸುತ್ತೆ.

ನನ್ನ ತಲೆನೋವು ಬೇರೆ. ಮಗಳು ಐದನೇ ಕ್ಲಾಸು, ಇಲ್ಲೇ ಹುಟ್ಟಿದವಳು, ಫ್ರೆಂಚ್ ನೀರು ಕುಡಿದ ಹಾಗೆ ಮಾತಾಡ್ತಾಳೆ. ಡಿಕ್ಟೇಷನ್ನಲ್ಲಿ ಮಾತ್ರ ‘ಓನ್ ನಾ ಪಾ’ ಅಂತ ಟೀಚರ್ ಹೇಳಿದಾಗಲೆಲ್ಲ ‘ನ’ ಬಿಟ್ಟು ಬರೀತಾಳೆ. ಬೇರೆ ವಾಕ್ಯದಲ್ಲಿ ಸರಿಯಾಗೇ ಹಾಕ್ತಾಳೆ. ‘ಓನ್’ ಬಂದಾಗ ಮಾತ್ರ ತಪ್ಪು. ಯಾಕೆ?

ಕಾವೇರಿಕೊಳ್ಳ

ಪಾಪ, ಅವಳ ಕಿವಿ ಸರಿಯಾಗೇ ಕೇಳಿಸಿಕೊಂಡಿದೆ. ‘ನಾವು’ ಅನ್ನೋ ಆ ಪದದ ಕೊನೆಯ ನ್ ಮುಂದೆ ಸ್ವರ ಬಂದ್ರೆ ತಾನೇ ಹಾರಿ ಅದಕ್ಕೆ ಅಂಟಿಕೊಳ್ಳುತ್ತೆ. ‘ನ’ ಇದ್ರೂ ‘ಓನ್ ನಾ ಪಾ’, ಇಲ್ಲದಿದ್ರೂ ‘ಓನ್ ನಾ ಪಾ’. ಬಾಯಲ್ಲಿ ಎರಡೂ ಒಂದೇ. ಫ್ರಾನ್ಸಿನಲ್ಲಿ ದೊಡ್ಡವರೂ ಇಲ್ಲೇ ತಪ್ಪು ಮಾಡ್ತಾರೆ.

ಅವಳಿಗೆ ಒಂದು ಉಪಾಯ ಹೇಳಿಕೊಡಿ. ‘ಓನ್’ ತೆಗೆದು ಆ ಜಾಗಕ್ಕೆ ‘ಇಲ್’ ಹಾಕಿ, ಪುಸ್ತಕ ಓದುವ ದನಿಯಲ್ಲಿ ಹೇಳಲಿ. ‘ಇಲ್ ನಾ ಪಾ’ ಅಂತ ನ ಬಂದ್ರೆ ಬರವಣಿಗೆಯಲ್ಲಿ ‘ನ’ ಬೇಕು ಅಂತ. ಅಥವಾ ಇನ್ನೂ ಸುಲಭ: ಪಾ, ಪ್ಲು, ‘ಯಾವತ್ತೂ ಇಲ್ಲ’ ಅನ್ನೋ ಜಮೆ, ‘ಏನೂ ಇಲ್ಲ’ ಅನ್ನೋ ರ್ಯಾಂ, ಯಾವುದಾದ್ರೂ ಮುಂದೆ ಕಂಡ್ರೆ ಹಿಂದಕ್ಕೆ ತಿರುಗಿ ‘ನ’ ಇದ್ಯಾ ನೋಡಲಿ.

ಮಾಂಟ್ರಿಯಲ್ಲಕ್ಕ

ಇವತ್ತು ಸಂಜೆಯೇ ಮಾಡಿಸ್ತೀನಿ. ಇನ್ನೊಂದು. ಮನೇಲಿ ಅವಳು ‘ಜೆ ಪಾ ವು ಪೆರ್ಸೊನ್’ ಅಂತಾಳೆ, ಯಾರನ್ನೂ ನೋಡಲಿಲ್ಲ ಅನ್ನೋಕೆ. ಅದೂ ತಪ್ಪು ಅಂತ ಕೆಂಪು ಗೆರೆ. ಪಕ್ಕದ ಮನೆಯ ಅಜ್ಜಿ, ಇಲ್ಲಿಯ ಹಳೇ ಜನ, ಅವರೂ ಹಾಗೇ ಹೇಳ್ತಾರಲ್ಲ?

ನಿಯಮಪಾಲಕ

ಇಲ್ಲಿ ನಾನು ಗೆದ್ದೆ. ‘ಪಾ’ ಒಂದು ನಿಷೇಧ, ‘ಪೆರ್ಸೊನ್’ ಇನ್ನೊಂದು. ಎರಡು ಸೇರಿ ‘ಯಾರನ್ನೋ ನೋಡಿದೆ’ ಅಂತ ಆಗುತ್ತೆ.

ಕಾವೇರಿಕೊಳ್ಳ

ಅಜ್ಜಿ ಹಾಗಂದಾಗ ‘ಓ, ಯಾರನ್ನೋ ನೋಡಿದ್ರಾ’ ಅಂತ ಮಾಂಟ್ರಿಯಲ್‌ನಲ್ಲಿ ಒಬ್ಬರೂ ಅಂದ್ಕೊಳ್ಳಲ್ಲ. ಅಲ್ಲಿನ ಆಡುಮಾತಲ್ಲಿ ಪಾ ಮತ್ತು ಪೆರ್ಸೊನ್ ಕೈಕೈ ಹಿಡ್ಕೊಂಡು ಒಂದೇ ‘ಇಲ್ಲ’ ಆಗ್ತವೆ. ಶಾಲೆಯ ಫ್ರೆಂಚಲ್ಲಿ ಮಾತ್ರ ಇದು ಸಲ್ಲದು, ಅಲ್ಲಿ ‘ಪೆರ್ಸೊನ್’ ಬಂದ್ರೆ ಪಾ ಬರಬಾರದು. ಆದರೆ ಅದೇ ಶಾಲೆಯ ಫ್ರೆಂಚ್ ‘ಪೆರ್ಸೊನ್ ನಾ ರ್ಯಾಂ ದಿ’ ಅನ್ನೋದನ್ನು ಒಪ್ಪುತ್ತೆ. ‘ಯಾರೂ ಇಲ್ಲ’, ಅದರ ಮೇಲೆ ‘ಏನೂ ಇಲ್ಲ’, ನಡುವೆ ‘ನ’ ಬೇರೆ. ಗುಣಾಕಾರ ಮಾಡಿ ನೋಡಿ ಸರ್. ಅರ್ಥ ಮಾತ್ರ ‘ಯಾರೂ ಏನೂ ಹೇಳಲಿಲ್ಲ’, ಅಷ್ಟೇ.

ಇಲ್ಲಿ ಕನ್ನಡದ ದಾರಿ ಎಷ್ಟು ಹತ್ತಿರ ಇದೆ ನೋಡಿ. ಯಾರೂ, ಏನೂ, ಎಲ್ಲೂ, ಯಾವತ್ತೂ ಅಂತ ಎಷ್ಟು ಬೇಕಾದ್ರೂ ಪೋಣಿಸ್ತೀವಿ, ಕೊನೆಗೆ ಒಂದೇ ಒಂದು ಇಲ್ಲ. ಇಂಗ್ಲಿಷ್ ಬರವಣಿಗೆಯೇ ಜಿಪುಣ. ‘ನೋಬಡಿ ಸೆಡ್ ಎನಿಥಿಂಗ್’ ಅಂತ ಒಂದು ನೋ ಹಾಕಿ ಉಳಿದದ್ದಕ್ಕೆಲ್ಲ ಎನಿ ಹಚ್ಚಬೇಕು. ‘ಐ ಡೋಂಟ್ ನೋ ನಥಿಂಗ್’ ಅಂದ್ರೆ ತಪ್ಪು ಅಂತಾರೆ. ಹದಿನಾಲ್ಕನೇ ಶತಮಾನದ ಕವಿ ಚಾಸರನ ಕಾಲದ ಇಂಗ್ಲಿಷಲ್ಲಿ ಒಂದೇ ವಾಕ್ಯದಲ್ಲಿ ಮೂರು ನಾಲ್ಕು ನೋಗಳು ಸಾಲಾಗಿ ನಿಂತು ಒಂದೇ ‘ಇಲ್ಲ’ ಆಗ್ತಿದ್ದವು. ಎರಡು ನಿಷೇಧ ಸೇರಿದ್ರೆ ಹೌದು ಆಗುತ್ತೆ ಅಂತ ರಾಬರ್ಟ್ ಲೌತ್ ಹದಿನೆಂಟನೇ ಶತಮಾನದಲ್ಲಿ ತನ್ನ ವ್ಯಾಕರಣದ ಪುಸ್ತಕದಲ್ಲಿ ಬರೆದ. ನಿಯಮಪಾಲಕರ ಮೈನಸ್ಸು ಪ್ಲಸ್ಸಿನ ಮಾತಿನ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತೆ. ಬೀದಿಯ ಇಂಗ್ಲಿಷ್ ಅದನ್ನು ಇವತ್ತಿಗೂ ಕಿವಿಗೆ ಹಾಕ್ಕೊಂಡಿಲ್ಲ.

ಹಳಗನ್ನಡದಗುಂಗು

ಇಂಗ್ಲಿಷಿನ ಮಾತು ಬಂದದ್ದಕ್ಕೆ: ಅವರಲ್ಲೂ ಫ್ರೆಂಚಿನ ಕಥೆಯೇ ನಡೆದಿದೆ. ಹಳೆಯ ಇಂಗ್ಲಿಷಲ್ಲೂ ಕ್ರಿಯಾಪದದ ಹಿಂದೆ ‘ನೆ’ ಇತ್ತು. ಒತ್ತಿಗೆ ಅಂತ ‘ಏನೂ ಅಲ್ಲ’ ಅನ್ನೋ ಅರ್ಥದ ಪದವೊಂದು ಬಂದು ಸೇರಿತು, ಅದೇ ಸವೆದು ‘ನಾಟ್’ ಆಯಿತು. ಆಮೇಲೆ ‘ನೆ’ ಬಿದ್ದುಹೋಯಿತು. ಫ್ರೆಂಚ್ ಈಗ ಮಾಡ್ತಿರೋದನ್ನು ಇಂಗ್ಲಿಷ್ ಆಗಲೇ ಮಾಡಿ ಮುಗಿಸಿದೆ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ ಇದನ್ನು 1917ರಲ್ಲಿ ಬರೆದಿಟ್ಟರು.

ಕನ್ನಡದಲ್ಲೂ ಇದೇ ಚಕ್ರ ಅಂತ ನನ್ನ ವಾದ. ಮೊದಲು ‘ನಾನರಿಯೆ’, ‘ನಾನೊಲ್ಲೆ’, ‘ಅವನು ಬಾರನು’. ಕ್ರಿಯಾಪದಕ್ಕೆ ‘ಇಲ್ಲ’ ಅನ್ನೋ ಬೇರೆ ಪದ ಸೇರಿಸಬೇಕಾಗಿರಲಿಲ್ಲ. ಕಾಲದ ಗುರುತು ಇಲ್ಲದೆ ಧಾತುವಿಗೆ ನೇರ ‘ಎ’, ‘ಅನು’ ಹಚ್ಚಿದ್ರೆ ಅದೇ ನಿಷೇಧ. ಅದು ಮಸುಕಾದಾಗ ‘ಇಲ್ಲ’ ಬಂತು, ‘ಬರುವುದಿಲ್ಲ’ ಆಯಿತು, ಈಗ ಸವೆದು ‘ಬರಲ್ಲ’. ಹಳೆಯದು ಕಾಣೆ, ಬಾರದು, ಕೂಡದು, ಆರೆ ಅಂತ ಮೂಲೆಮೂಲೆಯಲ್ಲಿ ಉಳಿದಿದೆ.

ಕಾವೇರಿಕೊಳ್ಳ

ಚಂದದ ವಾದ, ಆದ್ರೆ ಪೂರ್ತಿ ಒಪ್ಪೋಕೆ ಆಗ್ತಿಲ್ಲ. ಫ್ರೆಂಚಲ್ಲಿ ಎರಡೂ ತುಂಡು ಒಂದೇ ವಾಕ್ಯದಲ್ಲಿ ನೂರಾರು ವರ್ಷ ಜೊತೆಗಿದ್ದವು. ಆಮೇಲೆ ಹಳೆಯದು ಉದುರಿತು. ಕನ್ನಡದಲ್ಲಿ ‘ಬಾರನು’ ಮತ್ತು ‘ಇಲ್ಲ’ ಹಾಗೆ ಒಂದೇ ವಾಕ್ಯದಲ್ಲಿ ಜೋಡಿಯಾಗಿ ಒಂದೇ ನಿಷೇಧ ಆಗಿದ್ದವಾ? ‘ಇದೆ’ ಅನ್ನೋದಕ್ಕೆ ಎದುರಾದ ‘ಇಲ್ಲ’ ಬಂದು ಹಳೆಯ ರೂಪದ ಜಾಗ ಹಿಡೀತು. ಅದು ಮನೆ ಖಾಲಿ ಮಾಡಿಸಿ ಬೇರೆಯವರು ಬಂದ ಹಾಗೆ. ಫ್ರೆಂಚಿನದ್ದು ಬಾಡಿಗೆಗೆ ಬಂದವನೇ ಓನರ್ ಆದ ಕಥೆ.

ಹಳಗನ್ನಡದಗುಂಗು

ಜೋಡಿಯಾಗಿ ಇರಲಿಲ್ಲ, ಅದು ನಿಜ. ಆದರೂ ಚಕ್ರ ಚಕ್ರವೇ ಅಂತ ನಾನು ಹೇಳೋದು. ಇದು ಇಲ್ಲಿ ತೀರ್ಮಾನ ಆಗಲ್ಲ ಬಿಡಿ. ಇನ್ನೊಂದು ಪ್ರಶ್ನೆ ಇದೆ. ‘ಪೆರ್ಸೊನ್’ ಮೊದಲು ‘ವ್ಯಕ್ತಿ’ ಅಂತಿದ್ದದ್ದು, ಈಗ ಒಂಟಿಯಾಗಿ ಹೇಳಿದ್ರೂ ‘ಯಾರೂ ಇಲ್ಲ’. ‘ಯಾರು ಬಂದಿದ್ರು?’ ಅಂದ್ರೆ ‘ಪೆರ್ಸೊನ್’ ಅಂದುಬಿಟ್ರೆ ಸಾಕು. ಕನ್ನಡದ ‘ಯಾರೂ’ಗೆ ಆ ತಾಕತ್ತು ಬಂದಿಲ್ಲ, ‘ಯಾರೂ ಇಲ್ಲ’ ಅಂತ ಪೂರ್ತಿ ಹೇಳಲೇಬೇಕು. ಸರಿ ತಾನೆ?

ಬೆಳಗಾವಿಮಂದಿ

ನಮ್ಮ ಮನ್ಯಾಗ ‘ಯಾರ ಬಂದಿದ್ರು?’ ಅಂದ್ರ ನಮ್ಮವ್ವ ‘ಯಾರೂ…’ ಅಂತ ಎಳದು ತಲಿ ಅಲ್ಲಾಡಸ್ತಾಳ್ರಿ. ತಿಳೀತದ.

ಹಳಗನ್ನಡದಗುಂಗು

ಹಾಗಾದ್ರೆ ನಿಷೇಧ ನಿಮ್ಮವ್ವನ ತಲೆಯಲ್ಲಿ ಇದೆ, ಪದದಲ್ಲಿ ಅಲ್ಲ 🙂

ಕಾವೇರಿಕೊಳ್ಳ

ಫ್ರೆಂಚಲ್ಲೂ ಮೊದಲು ಹಾಗೇ ಶುರುವಾಗಿರಬೇಕು ಅಂತ ನನಗನ್ಸುತ್ತೆ.

ಸೂಜಿಮಲ್ಲಿಗೆ

ಎರಡು ‘ಇಲ್ಲ’ ಸೇರಿ ನಿಜವಾಗ್ಲೂ ಹೌದು ಆಗೋದು ಫ್ರೆಂಚಲ್ಲಿ ಇಲ್ಲವೇ ಇಲ್ವಾ ಮೇಡಂ? ಲ್ಯಾಬಲ್ಲಿ ಒಬ್ಬಳು ‘ಸೆ ಪಾ ರ್ಯಾಂ’ ಅಂದ್ಲು, ನಾನು ತಿಂಗಳುಗಟ್ಟಲೆ ಕೂತು ಬರೆದ ಕೋಡ್ ನೋಡಿ. ‘ಏನೂ ಅಲ್ಲ’ ಅಂದ್ಲು ಅಂತ ಬೇಜಾರಾಗಿ ಮಾತು ಬಿಟ್ಟಿದ್ದೀನಿ.

ಕಾವೇರಿಕೊಳ್ಳ

ಅಯ್ಯೋ, ಹೋಗಿ ಮಾತಾಡಿಸಿ ಮೊದಲು! ಅವಳು ನಿಮ್ಮನ್ನು ಹೊಗಳಿದ್ದಾಳೆ. ‘ಸೆ ಪಾ ರ್ಯಾಂ’ ಅಂದ್ರೆ ‘ಇದೇನು ಕಡಿಮೆ ಅಲ್ಲ’, ‘ಸಾಮಾನ್ಯ ಅಲ್ಲ’ ಅಂತ.

ಒಂದು ಅಂದಾಜು ಹೇಳ್ತೀನಿ. ರ್ಯಾಂ, ಪೆರ್ಸೊನ್, ಜಮೆ, ಪ್ಲು ತಮ್ಮತಮ್ಮೊಳಗೆ ಸೇರಿದ್ರೆ ಸಾಮಾನ್ಯವಾಗಿ ಒಂದೇ ‘ಇಲ್ಲ’. ಆ ಗುಂಪಿಗೆ ‘ಪಾ’ ಬಂದು ಸೇರಿದ್ರೆ, ಫ್ರಾನ್ಸಿನಲ್ಲಿ ಅದು ಇನ್ನೊಂದನ್ನು ಒಡೆಯುತ್ತೆ. ‘ಜೆ ರ್ಯಾಂ ಫೆ’ ಅಂದ್ರೆ ನಾನೇನೂ ಮಾಡಿಲ್ಲ. ‘ಜೆ ಪಾ ರ್ಯಾಂ ಫೆ’ ಅಂದ್ರೆ ಏನೂ ಮಾಡದೇ ಏನಿಲ್ಲ, ಒಂದಷ್ಟು ಮಾಡಿದ್ದೀನಿ. ಹೇಳುವಾಗ ರ್ಯಾಂ ಮೇಲೆ ದನಿ ಏರುತ್ತೆ. ಮಾಂಟ್ರಿಯಲ್‌ನ ಅಜ್ಜಿಯ ವಾಕ್ಯ ಪ್ಯಾರಿಸಿನವರ ಕಿವಿಗೆ ವಿಚಿತ್ರವಾಗಿ ಕೇಳಿಸೋದು ಇದಕ್ಕೇ.

ಕನ್ನಡದಲ್ಲಿ ಇದಕ್ಕೆ ನಮ್ಮ ‘-ದೇ’ ರೂಪ ಇದೆ. ‘ಗೊತ್ತಿಲ್ಲದೇ ಏನಿಲ್ಲ’, ‘ಹೋಗದೇ ಇರೋಕೆ ಆಗಲ್ಲ’. ಎರಡನೆಯದು ಫ್ರೆಂಚಲ್ಲಿ ‘ಜ ನ ಪೊ ಪಾ ನ ಪಾ ಯಾಲೆ’, ಎರಡು ನ, ಎರಡು ಪಾ. ಮಾತಲ್ಲಿ ಮೊದಲ ನ ಬೀಳುತ್ತೆ. ಎರಡನೆಯದು ಕ್ರಿಯಾಪದದ ಮೂಲರೂಪದ ಹಿಂದೆ ಪಾ ಜೊತೆ ಅಂಟಿಕೊಂಡಿರೋದ್ರಿಂದ ಅಷ್ಟು ಸುಲಭವಾಗಿ ಬೀಳಲ್ಲ. ಗಾದೆಯೂ ಒಂದೇ ಥರ ಇದೆ. ಬೆಂಕಿಯಿಲ್ಲದೆ ಹೊಗೆಯಾಡದು ಅಂತೀವಿ, ಅವರು ‘ಇಲ್ ನ್ಯಾ ಪಾ ದ ಫ್ಯುಮೆ ಸಾಂ ಫೊ’ ಅಂತಾರೆ. ಅಲ್ಲೂ ಎರಡು ಇಲ್ಲ, ಇಲ್ಲೂ ಎರಡು ಇಲ್ಲ. ‘ಆಡದು’ ನೋಡಿ, ಗುಂಗಿನವರ ಹಳೆಯ ರೂಪ ಗಾದೆಯೊಳಗೆ ಬೆಚ್ಚಗೆ ಕೂತಿದೆ.

ನಿಯಮಪಾಲಕ

‘ಪೆರ್ಸೊನ್ ನೆಮ್ ಪೆರ್ಸೊನ್’ ಅಂದ್ರೆ? ಯಾರೂ ಯಾರನ್ನೂ ಪ್ರೀತಿಸಲ್ಲ ಅಂತಲೋ, ಯಾರನ್ನೂ ಪ್ರೀತಿಸದವರು ಯಾರೂ ಇಲ್ಲ ಅಂತಲೋ?

ಕಾವೇರಿಕೊಳ್ಳ

ಒಳ್ಳೇ ಪ್ರಶ್ನೆ ಸರ್. ಎರಡೂ ಆಗಬಹುದು, ಭಾಷಾವಿಜ್ಞಾನಿಗಳು ಈ ವಾಕ್ಯ ಹಿಡ್ಕೊಂಡೇ ಜಗಳ ಆಡಿದ್ದಾರೆ. ಬೀದಿಯಲ್ಲಿ ಕೇಳಿದ್ರೆ ನಾನು ಮೊದಲನೆಯದು ಅಂತ ತಗೋತೀನಿ.

ಸೂಜಿಮಲ್ಲಿಗೆ

ಇನ್ನೊಂದೇ ಒಂದು, ಇದು ಊಟದ್ದು. ಕ್ಯಾಂಟೀನಲ್ಲಿ ಒಬ್ಬ ‘ತು ಮಾಂಜ್ ಪಾ ದ ವ್ಯಾಂದ್?’ ಅಂದ, ನೀನು ಮಾಂಸ ತಿನ್ನಲ್ವಾ ಅಂತ. ನಾನು ‘ವೀ’ ಅಂದೆ. ಹೌದು, ತಿನ್ನಲ್ಲ ಅಂತ. ಅವನು ‘ವೀ? ಸಿ?’ ಅಂತ ಗೊಂದಲಕ್ಕೆ ಬಿದ್ದು ಕೊನೆಗೆ ಕೋಳಿ ತಂದಿಟ್ಟ.

ಮಾಂಟ್ರಿಯಲ್ಲಕ್ಕ

ಇದು ನನಗೆ ಗೊತ್ತು! ನಮ್ಮವರೆಲ್ಲ ಇಲ್ಲಿಗೆ ಬಂದ ಮೊದಲ ವರ್ಷ ಬೀಳೋದು ಈ ಹಳ್ಳಕ್ಕೇ. ‘ಬರಲ್ವಾ?’ ಅಂದ್ರೆ ನಾವು ‘ಹೂಂ, ಬರಲ್ಲ’ ಅಂತೀವಿ. ಕೇಳಿದವರ ಮಾತಿಗೆ ಹೂಂ ಅನ್ನೋದು ನಮ್ಮ ಅಭ್ಯಾಸ. ಫ್ರಾನ್ಸಿನವರು ತಿನ್ನಲ್ಲ ಅನ್ನೋಕೆ ‘ನೋಂ’, ತಿಂತೀನಿ ಅನ್ನೋಕೆ ‘ಸಿ’ ಅಂತಾರೆ. ‘ವೀ’ಗೆ ಅಲ್ಲಿ ಜಾಗವೇ ಇಲ್ಲ. ಇಂಗ್ಲಿಷಲ್ಲಿ ‘ಸಿ’ ಥರದ್ದು ಇಲ್ಲ, ‘ಯೆಸ್, ಐ ಡೂ’ ಅಂತ ಬಿಡಿಸಿ ಹೇಳಬೇಕು. ನೀನು ‘ನೋಂ’ ಅಂದಿದ್ರೆ ಕೋಳಿ ಬರ್ತಿರಲಿಲ್ಲ ಮಗಳೇ.

ಕಾವೇರಿಕೊಳ್ಳ

ಅದಕ್ಕೇ ನಾನು ಪಾಠದಲ್ಲಿ ಹೇಳ್ತಿದ್ದೆ, ‘ಪಾ’ ಕೇಳಿಸಿದ ಪ್ರಶ್ನೆಗೆ ‘ವೀ’ ಅನ್ನಬೇಡಿ, ಏನೂ ತೋಚದಿದ್ರೆ ಪೂರ್ತಿ ವಾಕ್ಯ ಹೇಳಿಬಿಡಿ ಅಂತ. ‘ನ’ ಇಲ್ಲದ ಮಾತಲ್ಲಿ ಆ ಒಂದು ಪಾ ತಪ್ಪಿಸಿಕೊಂಡ್ರೆ ಪ್ರಶ್ನೆಯೇ ತಿರುಗಿ ಹೋಗುತ್ತೆ.

ಸೂಜಿಮಲ್ಲಿಗೆ

ಎಲ್ಲರಿಗೂ ಧನ್ಯವಾದ. ಲ್ಯಾಬಿನವಳ ಜೊತೆ ಮಾತಾಡಿದೆ. ಅವಳಿಗೆ ನಾನು ಮುನಿಸಿಕೊಂಡಿದ್ದೇ ಗೊತ್ತಿರಲಿಲ್ಲ.

ಈಗಷ್ಟೇ ರೂಮ್‌ಮೇಟ್ ಮೆಸೇಜ್ ಹಾಕಿದ್ದಾಳೆ, ಈ ಸಲ ವಾಯ್ಸ್ ಅಲ್ಲ, ಟೈಪ್ ಮಾಡಿದ್ದು. ‘ಯಾ’, ಆಮೇಲೆ ಪಿ-ಎಲ್-ಯು-ಎಸ್, ಆಮೇಲೆ ‘ದ ರಿ’. ರಿ ಅಂದ್ರೆ ಅಕ್ಕಿ. ಅಕ್ಕಿ ಖಾಲಿ ಆಗಿದ್ಯೋ, ಜಾಸ್ತಿ ಇದ್ಯೋ? ಬರವಣಿಗೆಯಲ್ಲಿ ಸ್ ಕೇಳಿಸಲ್ವಲ್ಲ ಮೇಡಂ!

ಕಾವೇರಿಕೊಳ್ಳ

ನೂರಕ್ಕೆ ತೊಂಬತ್ತು ಪಾಲು ಖಾಲಿ. ಹೆಚ್ಚು ಅನ್ನೋಕೆ ಮೆಸೇಜಲ್ಲಿ ‘+’ ಚಿಹ್ನೆ ಹಾಕೋರು ತುಂಬಾ ಜನ ಇದ್ದಾರೆ, ಅವಳು ಹಾಕಿಲ್ಲ. ಮಿಕ್ಕ ಹತ್ತು ಪಾಲಿಗೆ ನನ್ನ ಹತ್ರ ಉತ್ತರ ಇಲ್ಲ.

ಬೆಳಗಾವಿಮಂದಿ

ಡಬ್ಬಿ ತಗದು ನೋಡ್ರಿ.